ಯಾರು ಇರ್ರೆಗ್ಯುಲರ್? ಹಾಜರಾತಿ ಶೀಟಿನಲ್ಲಿ ಹುಡುಕುವುದು

"ಪ್ರಿನ್ಸಿಪಾಲ್ ಶೀಟ್ ಅಪ್‌ಲೋಡ್ ಮಾಡಿ, ಯಾರು ಇರ್ರೆಗ್ಯುಲರ್ ಅಂತ ಮಾತ್ರ ಕೇಳಿದ್ದಾರೆ. 75%ಕ್ಕಿಂತ ಕಡಿಮೆ ಇರುವವರ ಪಟ್ಟಿ ಕೊಟ್ಟರೆ ಸಾಕಾ?"

ಸಾಕಾಗುವುದಿಲ್ಲ. ಶೇಕಡಾ ಲೆಕ್ಕದಲ್ಲಿ ಯಾವ ದಿನ ತಪ್ಪಿತು ಅನ್ನೋದು ಅಡಗಿ ಹೋಗುತ್ತದೆ. 60 ದಿನದ ಶೀಟಿನಲ್ಲಿ ಇಬ್ಬರಿಗೂ 12 ಗೈರು ಅಂದುಕೊಳ್ಳಿ, ಇಬ್ಬರದ್ದೂ 80%. ಒಬ್ಬನದು ಸಾಲಾಗಿ 12 ದಿನ, ಬಹುಶಃ ಜ್ವರವೋ ಏನೋ. ಇನ್ನೊಬ್ಬನದು 8 ಸೋಮವಾರ, 4 ಶನಿವಾರ. ಕೇಳಿದ್ದು ಇವನನ್ನೇ ಅಲ್ವಾ?

ಮೊದಲು ಖಾಲಿ ಸೆಲ್ ನೋಡಿ. ನಮ್ಮ ಮಂಗಳೂರು, ಉಡುಪಿ ಕಡೆ ಜುಲೈಯಲ್ಲಿ ಮಳೆ ರಜೆ ಜಾಸ್ತಿ. ಇಡೀ ಕಾಲಂ ಖಾಲಿ ಇದ್ದರೆ ಅದು ರಜೆ, ಗೈರು ಅಲ್ಲ, ಆ ಕಾಲಂ ತೆಗೆದುಬಿಡಿ. ಒಬ್ಬನದ್ದೇ ಖಾಲಿ ಇದ್ದರೆ ಕ್ಲಾಸ್ ಟೀಚರನ್ನೇ ಕೇಳಿ, ಸುಮ್ನೆ ಊಹಿಸಬೇಡಿ. ಆಮೇಲೆ ಸೋಮವಾರದ ಗೈರು ಎಣಿಸಿ. 1ನೇ ಸಾಲಿನಲ್ಲಿ C ಇಂದ BJ ವರೆಗೆ ತಾರೀಖು, 2ನೇ ಸಾಲಿನಲ್ಲಿ ಮೊದಲ ವಿದ್ಯಾರ್ಥಿ, ಗೈರಿಗೆ "A" ಅಂತ ಇದ್ದರೆ ಸೂತ್ರ ಇದು:

```
=SUMPRODUCT((C2:BJ2="A")*(WEEKDAY(C$1:BJ$1,2)=1))
```

ಶನಿವಾರಕ್ಕೆ ಕೊನೆಯ 1 ಬದಲು 6 ಹಾಕಿ. `#VALUE!` ಬಂದರೆ ಮೇಲಿನ ಸಾಲಿನ ತಾರೀಖು ಪಠ್ಯವಾಗಿ ಕೂತಿದೆ, ಸರಿಯಾದ ತಾರೀಖಾಗಿ ಬದಲಿಸಿ. ಸಾಲಾದ ಗೈರಿಗೆ "A" ಇರುವ ಸೆಲ್‌ಗೆ ಬಣ್ಣ ಕೊಟ್ಟರೆ ಕಣ್ಣಿಗೇ ಕಾಣುತ್ತದೆ.

ಕಾರಣ ಶೀಟ್ ಹೇಳುವುದಿಲ್ಲ, ಊರಿಂದ ಬಸ್ಸು ಸಿಗದವನೂ ಇರಬಹುದು. ಹಾಗಾಗಿ ಹೆಸರಿನ ಪಕ್ಕ "10 ಸೋಮವಾರದಲ್ಲಿ 8 ಗೈರು" ಅಂತಷ್ಟೇ ಬರೆದು ಕಳಿಸಿ, ಸಾಲಾಗಿ ತಪ್ಪಿಸಿದವರನ್ನು ಬೇರೆ ಪಟ್ಟಿಯಲ್ಲಿ ಇಡಿ.