ಆಫೀಸಿಗೆ ಹೋಗುವವರಿಗೆ ಚಿಕ್ಕ ಸಹಸ್ರನಾಮ

"ನವನಗರದ ಆಫೀಸಿಗೆ ಒಂಬತ್ತಕ್ಕೇ ಹೊರಡಬೇಕು. ವಿಷ್ಣು ಸಹಸ್ರನಾಮ ಪೂರ್ತಿ ಹೇಳೋಕೆ ಆಗಲ್ಲ. ನಡುನಡುವೆ ಬಿಟ್ಟು ಓದಬಹುದಾ?"

ನಡುವೆ ಬಿಡಬೇಡಿ ಸರ್, ವಾರಕ್ಕೆ ಹಂಚಿಕೊಳ್ಳಿ. ಪೂರ್ವಪೀಠಿಕೆ, ಫಲಶ್ರುತಿ ರಜೆಯ ದಿನಕ್ಕಿರಲಿ. 'ವಿಶ್ವಂ ವಿಷ್ಣುಃ'ದಿಂದ 'ವನಮಾಲೀ'ವರೆಗೆ ಸುಮಾರು 108 ಶ್ಲೋಕ. ದಿನಕ್ಕೆ 15-16 ಹೇಳಿದರೆ ಏಳು ದಿನಕ್ಕೆ ಮುಗಿಯುತ್ತೆ. ಅವಸರವಿಲ್ಲದೆ ಹೇಳಿದರೂ ಐದಾರು ನಿಮಿಷ ಸಾಕು. ನಿಲ್ಲಿಸಿದಲ್ಲಿ ಪೆನ್ಸಿಲ್ ಗುರುತು ಹಾಕಿ.

ಇಷ್ಟದ ನಾಮ ಮಾತ್ರ ಆರಿಸಿಕೊಂಡರೆ ಸಂಧಿ ಮುರಿಯುತ್ತೆ. ಮೊದಲ ಶ್ಲೋಕದ 'ಭೂತಕೃದ್ಭೂತಭೃದ್ಭಾವೋ' ನೋಡಿ, ಅದರಲ್ಲಿ ಮೂರು ನಾಮ ಇವೆ: ಭೂತಕೃತ್, ಭೂತಭೃತ್, ಭಾವಃ. ಸುಮ್ನೆ ಕತ್ತರಿಸಿದರೆ ಛಂದಸ್ಸೂ ಹೋಗುತ್ತೆ, ಉಚ್ಚಾರಣೆಯೂ ತಪ್ಪುತ್ತೆ. ಹಾಗಾಗಿ ಯಾವಾಗಲೂ ಶ್ಲೋಕ ಮುಗಿದಲ್ಲೇ ನಿಲ್ಲಿಸಿ.

ಅದಕ್ಕೂ ಟೈಮ್ ಇಲ್ಲದ ದಿನ 'ಶ್ರೀರಾಮ ರಾಮ ರಾಮೇತಿ' ಹೇಳಿ. ಸುಲಭದ ದಾರಿ ಯಾವುದು ಅಂತ ಪಾರ್ವತಿ ಕೇಳಿದಾಗ ಈಶ್ವರ ಹೇಳಿದ ಶ್ಲೋಕ ಅದೇ ಅಲ್ವಾ.