ಸೊಂಟನೋವು, ಭಯ ಮತ್ತು ಪೇಸಿಂಗ್

"ಎಂಆರ್‌ಐ ಸರಿಯಿದೆ, ಆದ್ರೂ ಎರಡು ವರ್ಷದಿಂದ ಸೊಂಟನೋವು. ಸೈಕಾಲಜಿಸ್ಟ್ ಹತ್ರ ಹೋಗಿ ಅಂತಾರೆ. ಹಾಗಾದ್ರೆ ನೋವು ಬರೀ ಭ್ರಮೆನಾ?"

ಖಂಡಿತ ಅಲ್ಲ, ನಿಮ್ಮ ನೋವು ನಿಜ. ಆದರೆ ಬಗ್ಗುವಾಗ ಏನಾದ್ರೂ ಆಗಿಬಿಟ್ರೆ ಅಂತ ಹೆದರಿದರೆ ಗಮನವೆಲ್ಲ ಸೊಂಟದ ಮೇಲೇ ನಿಲ್ಲುತ್ತದೆ, ಸ್ನಾಯು ಬಿಗಿಯುತ್ತದೆ, ಮೆದುಳು ನೋವನ್ನು ಜಾಸ್ತಿ ಮಾಡಿ ತೋರಿಸುತ್ತದೆ. ಮನಸ್ಸು ಕುಗ್ಗಿದ್ದರೆ ಇನ್ನೂ ಹೆಚ್ಚು.

ಸೈಕಾಲಜಿಸ್ಟ್ ಕಲಿಸುವುದರಲ್ಲಿ ನನಗೆ ಮುಖ್ಯ ಅನಿಸುವುದು ಪೇಸಿಂಗ್, ಅಂದರೆ ನೋವು ಏರುವ ಮೊದಲೇ ನಿಲ್ಲಿಸಿ, ಕೆಲಸವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುವುದು. ಅಡುಗೆಮನೆಯಲ್ಲಿ 20 ನಿಮಿಷ ನಿಂತರೆ ನೋವು ಏರುತ್ತದೆ ಅಂದುಕೊಳ್ಳಿ. 15ಕ್ಕೇ ಕೂತುಬಿಡಿ, ಆರಾಮಾಗಿದ್ದ ದಿನವೂ ಅಷ್ಟೇ. ವಾರಕ್ಕೆ ಒಂದೆರಡು ನಿಮಿಷ ಏರಿಸಿ. ಇವತ್ತು ಚೆನ್ನಾಗಿದ್ದೀನಿ ಅಂತ ಮನೆಯೆಲ್ಲ ಒರೆಸಿ, ಆಮೇಲೆ ಎರಡು ದಿನ ಮಲಗಿದರೆ ಭಯ ಮತ್ತೆ ಗಟ್ಟಿಯಾಗುತ್ತದೆ.

ನೋವು ಪೂರ್ತಿ ಹೋಗದೆಯೂ ಇರಬಹುದು, ಆದರೆ ಓಡಾಟ ಹೆಚ್ಚಬಹುದು. ಕಾಲಿನ ಬಲ ಕುಗ್ಗಿದರೆ, ಮೂತ್ರದ ಹಿಡಿತ ತಪ್ಪಿದರೆ ಕಾಯದೆ ಆಸ್ಪತ್ರೆಗೆ ಹೋಗಿ.