ನಿಮ್ಮ ಅಪ್ಪನ ಸ್ಪೈರೊಮೆಟ್ರಿ, ಅಂದ್ರೆ ಉಸಿರು ಊದೋ ಟೆಸ್ಟ್, ನಾರ್ಮಲ್ ಇದೆ. ಆದರೂ ಡಾಕ್ಟರ್ ಡಿಎಲ್‌ಸಿಓ ಮತ್ತು ಆರು ನಿಮಿಷ ನಡೆಯೋ ಟೆಸ್ಟ್ ಬರೆದಿದ್ದಾರೆ. ಎರಡೂ ಬೇಕಾ, ಒಂದು ಸಾಲದಾ ಅಂತ ಕೇಳಿದ್ದೀರಿ.

ನಮ್ಮಮ್ಮನ ರಿಪೋರ್ಟಲ್ಲೂ ಇದೇ ‘ನಾರ್ಮಲ್’ ಇತ್ತು. ಅದನ್ನು ನಂಬಿ ನಾನು ಎಂಟು ತಿಂಗಳು ಕಳೆದೆ.

ಅಮ್ಮನಿಗೆ ಆಗ 61. ಒಣ ಕೆಮ್ಮು, ಮಹಡಿಗೆ ಬಟ್ಟೆ ಒಣಗಿಸಲು ಹೋದರೆ ಏದುಸಿರು. ಬೆಂಗಳೂರಿನ ನಮ್ಮ ಫ್ಲಾಟಿನ ಯುಟಿಲಿಟಿಯಲ್ಲಿ ಪಾರಿವಾಳಗಳದ್ದೇ ರಾಜ್ಯ, ದಿನಾ ಬೆಳಿಗ್ಗೆ ಹಿಕ್ಕೆ ತೊಳೆಯೋದು ಅವರ ಕೆಲಸ. ಸ್ಪೈರೊಮೆಟ್ರಿಯಲ್ಲಿ ಎಫ್‌ವಿಸಿ, ಅಂದ್ರೆ ಪೂರ್ತಿ ಉಸಿರೆಳೆದು ಜೋರಾಗಿ ಊದಿದಾಗ ಹೊರಬರೋ ಒಟ್ಟು ಗಾಳಿ, ಇರಬೇಕಾದ್ದರ 82 ಪರ್ಸೆಂಟ್ ಬಂತು, ಎಲ್ಲೂ ಕೆಂಪು ಗುರುತಿಲ್ಲ. ಇನ್ಹೇಲರ್ ಕೊಟ್ಟು ಕಳಿಸಿದರು.

ನನ್ನ ತಪ್ಪು ಇಲ್ಲಿಂದ ಶುರು. ಆಕ್ಸಿಮೀಟರ್ ತಂದು ದಿನಾ ನೋಟ್‌ಬುಕ್ಕಿನಲ್ಲಿ ಆಕ್ಸಿಜನ್ ಬರೆದಿಡುತ್ತಿದ್ದೆ. ಅಮ್ಮ ಮಹಡಿಯಿಂದ ಇಳಿದು ಬಂದರೆ "ಮೊದಲು ಕೂತ್ಕೋ, ನೀರು ಕುಡಿ" ಅಂತ ನಾನೇ ಕುರ್ಚಿ ಎಳೆದು ಕೊಡುತ್ತಿದ್ದೆ. ಉಸಿರು ಸಮ ಆದ ಮೇಲೆ ಬೆರಳಿಗೆ ಹಾಕಿ, ಅಂಕಿ ಕುಣಿಯೋದು ನಿಲ್ಲೋವರೆಗೂ ಕಾದು, 96 ಅಂತ ಬರೆಯುತ್ತಿದ್ದೆ. ಮರುದಿನ 97. ಇಡೀ ನೋಟ್‌ಬುಕ್ ಹೀಗೆ. ಅಂದ್ರೆ ಕಾಯಿಲೆ ಕಾಣಿಸೋ ಆ ಎರಡು ನಿಮಿಷವನ್ನು ದಿನಾ ನಾನೇ ಅಚ್ಚುಕಟ್ಟಾಗಿ ಕಳೆದುಬಿಟ್ಟು, ಆಮೇಲೆ ಅಳೆಯುತ್ತಿದ್ದೆ. "ಎಲ್ಲಾ ಸರಿ ಇದೆ, ವಯಸ್ಸಾಯ್ತಲ್ಲಮ್ಮ" ಅಂತ ಬೇರೆ ಹೇಳುತ್ತಿದ್ದೆ.

ಯಾಕೆ ಹಾಗಾಗುತ್ತೆ ಅಂತ ಆಮೇಲೆ ಎರಡನೇ ಡಾಕ್ಟರ್ ಕಾಗದದ ಮೇಲೆ ಗೀಚಿ ತೋರಿಸಿದರು. ಸುಮ್ನೆ ಕೂತಿದ್ದಾಗ ರಕ್ತ ಶ್ವಾಸಕೋಶದ ಗಾಳಿಚೀಲದ ಪಕ್ಕ ಹಾಯಲು ಸುಮಾರು ಮುಕ್ಕಾಲು ಸೆಕೆಂಡ್ ತಗೊಳ್ಳುತ್ತೆ. ಆರೋಗ್ಯವಂತರಲ್ಲಿ ಕಾಲು ಸೆಕೆಂಡಿಗೇ ಆಕ್ಸಿಜನ್ ತುಂಬಿಕೊಂಡಿರುತ್ತೆ, ಮಿಕ್ಕಿದ್ದು ಉಳಿಕೆ. ಗಾಳಿಚೀಲದ ಗೋಡೆ ದಪ್ಪ ಆದರೂ ಕೂತಾಗ ಆ ಉಳಿಕೆಯಲ್ಲೇ ಸುಧಾರಿಸಿಕೊಳ್ಳುತ್ತೆ. ನಡೆದರೆ ರಕ್ತ ಜೋರಾಗಿ ಓಡುತ್ತೆ, ಸಮಯ ಸಾಲದೆ ಆಕ್ಸಿಜನ್ ಇಳಿಯುತ್ತೆ. ಸ್ಪೈರೊಮೆಟ್ರಿ ಅಳೆಯೋದು ಎಷ್ಟು ಗಾಳಿ, ಎಷ್ಟು ವೇಗವಾಗಿ ಹೊರಬರುತ್ತೆ ಅನ್ನೋದನ್ನು. ಆ ಗಾಳಿ ಗೋಡೆ ದಾಟಿ ರಕ್ತಕ್ಕೆ ಸೇರಿತಾ ಅನ್ನೋದು ಅದಕ್ಕೆ ಗೊತ್ತೇ ಆಗಲ್ಲ.

ಡಿಎಲ್‌ಸಿಓ ಕೇಳೋದು ಅದನ್ನೇ. ಚೂರೇ ಚೂರು ಕಾರ್ಬನ್ ಮಾನಾಕ್ಸೈಡ್ ಬೆರೆಸಿದ ಗಾಳಿಯನ್ನು ಪೂರ್ತಿ ಎಳೆದು, ಹತ್ತು ಸೆಕೆಂಡ್ ಹಿಡಿದು ಬಿಡಬೇಕು. ಎಷ್ಟು ವಾಪಸ್ ಬರಲಿಲ್ಲವೋ ಅದರಿಂದ ರಕ್ತಕ್ಕೆ ದಾಟಿದ್ದು ಎಷ್ಟು ಅಂತ ಲೆಕ್ಕ. ಅಮ್ಮನದು ಇರಬೇಕಾದ್ದರ 48 ಪರ್ಸೆಂಟ್. ರಕ್ತ ಕಡಿಮೆ ಇದ್ದರೂ ಈ ಅಂಕಿ ಇಳಿಯುತ್ತೆ, ಹಾಗಾಗಿ ಹಿಮೋಗ್ಲೋಬಿನ್ ಹಾಕಿ ಲೆಕ್ಕ ಸರಿಪಡಿಸಿದ್ದಾರಾ ಕೇಳಿ. ಟೆಸ್ಟಿನ ದಿನ ಸಿಗರೇಟ್ ಸೇದಿದ್ದರೂ ಕಡಿಮೆ ಬರುತ್ತೆ.

ಆಮೇಲೆ ನಡಿಗೆ. ಕಾರಿಡಾರಿನಲ್ಲಿ ಮೂವತ್ತು ಮೀಟರ್ ದೂರಕ್ಕೆ ಎರಡು ಕೋನ್ ಇಟ್ಟು, ಅದರ ಮಧ್ಯೆ ಅಮ್ಮ ಸೀರೆ ಎತ್ತಿ ಕಟ್ಟಿಕೊಂಡು ಹೋಗಿ ಬಂದು ಮಾಡಿದರು. ನಾನು ಜೊತೆಗೆ ನಡೆಯಲು ಹೋದೆ, ಟೆಕ್ನಿಷಿಯನ್ ಬೇಡ ಅಂದರು. ಪಕ್ಕದವರ ವೇಗಕ್ಕೆ ಹೆಜ್ಜೆ ಹಾಕಿಬಿಡುತ್ತಾರಂತೆ. ನಾಲ್ಕನೇ ನಿಮಿಷಕ್ಕೆ ಆಕ್ಸಿಮೀಟರ್ 85 ತೋರಿಸಿತು. ಅಮ್ಮ ಮಾತ್ರ "ಏನಾಗಿಲ್ಲ ಬಿಡು" ಅನ್ನುತ್ತಲೇ ಇದ್ದರು. ಒಟ್ಟು 390 ಮೀಟರ್. ಕೂತು ಸ್ವಲ್ಪ ಹೊತ್ತಿಗೆ ಮತ್ತೆ 96, ಅದೇ ನನ್ನ ನೋಟ್‌ಬುಕ್ಕಿನ ಅಂಕಿ!

ಈ ಎರಡು ಟೆಸ್ಟ್ ಕಾಯಿಲೆಯ ಹೆಸರು ಹೇಳಲ್ಲ. ಡಿಎಲ್‌ಸಿಓ ಗಾಳಿಚೀಲಗಳು ಹಾಳಾಗೋ ಎಂಫಿಸೀಮಾದಲ್ಲೂ, ಶ್ವಾಸಕೋಶದ ರಕ್ತನಾಳದ ತೊಂದರೆಯಲ್ಲೂ ಇಳಿಯುತ್ತೆ. ಹೆಸರು ಸಿಕ್ಕಿದ್ದು ಸಿಟಿ ಸ್ಕ್ಯಾನ್‌ನಲ್ಲಿ, ಜೊತೆಗೆ ಪಾರಿವಾಳದ ಕಥೆ ಕೇಳಿದ ಮೇಲೆ: ಹೈಪರ್‌ಸೆನ್ಸಿಟಿವಿಟಿ ನ್ಯುಮೊನೈಟಿಸ್, ಅಂದ್ರೆ ಹಕ್ಕಿ ಹಿಕ್ಕೆ, ಗರಿಯ ಧೂಳಿನಂಥದ್ದು ಒಗ್ಗದೆ ಶ್ವಾಸಕೋಶ ಊದಿಕೊಳ್ಳೋ ಕಾಯಿಲೆ. ಬಲೆ ಹಾಕಿಸಿದೆವು, ಸ್ಟೆರಾಯ್ಡ್ ಶುರುವಾಯಿತು. ಊತ ಇಳಿಯಿತು. ಆದರೆ ಅಷ್ಟರಲ್ಲಿ ಗಾಯದ ಕಲೆಯಂತೆ ಗಟ್ಟಿಯಾಗಿದ್ದ ಭಾಗ ಹಾಗೇ ಉಳಿಯಿತು.

ಹಾಗಾಗಿ ‘ಎರಡರಲ್ಲಿ ಒಂದು’ ಅನ್ನೋ ಲೆಕ್ಕವೇ ನನಗೆ ಹಿಡಿಸಲ್ಲ. ಡಿಎಲ್‌ಸಿಓ ಗಾಳಿ ಗೋಡೆ ದಾಟಿ ರಕ್ತಕ್ಕೆ ಎಷ್ಟು ಸೇರುತ್ತೆ ಅಂತ ಹೇಳುತ್ತೆ, ನಡಿಗೆ ಟೆಸ್ಟ್ ಅದರಿಂದ ಅಪ್ಪನಿಗೆ ನಡೆಯುವಾಗ ಏನಾಗ್ತಿದೆ ಅಂತ ಹೇಳುತ್ತೆ. ಅಪ್ಪನಿಗೆ ಮಂಡಿನೋವಿದ್ದರೆ ದೂರ ಕಡಿಮೆ ಬರುತ್ತೆ, ಅದನ್ನು ಮೊದಲೇ ಹೇಳಿಬಿಡಿ. ನಡೆಯುವಾಗ ಆಕ್ಸಿಮೀಟರ್ ಬೆರಳಲ್ಲೇ ಇರಲಿ. ರಿಪೋರ್ಟಿನಲ್ಲಿ ಶುರುವಿನ ಮತ್ತು ಕೊನೆಯ ಆಕ್ಸಿಜನ್ ಮಾತ್ರ ಬರೆದಿದ್ದರೆ ಬಿಡಬೇಡಿ. ಮಧ್ಯದಲ್ಲಿ ಅತೀ ಕೆಳಗೆ ಹೋಗಿದ್ದು ಎಷ್ಟು ಅಂತ ಕೇಳಿ ಬರೆಸಿಕೊಳ್ಳಿ.